ತುಂಬಾ ಫಾರ್ಮಲ್ ಕ್ಲೈಂಟ್‌ಗೆ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ಒಂದು ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಾಫ್ಟ್‌ವೇರ್ ಕೆಲಸ ನಡೆಯುತ್ತದೆ. ನಾವು ಐದು ಜನ. ಇಬ್ಬರ ಮನೆಮಾತು ಅರೆಭಾಷೆ, ಒಬ್ಬಳದು ಕೊಡವ ತಕ್ಕ್, ಒಬ್ಬನದು ಮಲಯಾಳ, ನನ್ನದು ಕನ್ನಡ. ನಮ್ಮೊಳಗೆ ಸರ್, ಮೇಡಂ ಇಲ್ಲ. ಯಾರಾದರೂ ತಪ್ಪು ಮಾಡಿದರೆ ಉಳಿದವರು ನಗುತ್ತಾರೆ, ಆಮೇಲೆ ಸರಿ ಮಾಡುತ್ತಾರೆ. ಎರಡು ವರ್ಷದ ಹಿಂದೆ ನಮಗೆ ದಕ್ಷಿಣ ಕೊಡಗಿನ ಒಂದು ಸಹಕಾರ ಸಂಘದ ಕೆಲಸ ಸಿಕ್ಕಿತು. ಬೆಳೆ ಸಾಲ, ಗೊಬ್ಬರ, ಗೋದಾಮು ಎಲ್ಲ ಇರುವ ಹಳೆಯ ಸಂಘ. ಅಲ್ಲಿ ಟಪಾಲಿಗೆ ಇವತ್ತಿಗೂ ವಹಿ ಇದೆ, ಪತ್ರಕ್ಕೆ ಸೀಲು ಬೀಳುತ್ತದೆ. ಮೊದಲ ಆರು ತಿಂಗಳು ನಾವು ಸಾಕಷ್ಟು ಎಡವಿದೆವು. ಇದೇ ಥರದ ಕೆಲಸ ಹಿಡಿದ ಬೇರೆ ಹುಡುಗ ಹುಡುಗಿಯರು ಆಮೇಲೆ ನಮ್ಮನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ನಾವು ಮರ್ಯಾದೆ ಕೊಟ್ಟೇ ಬರೆಯುತ್ತೇವೆ. ಆದರೂ ಅವರಿಗೆ ಹಿಡಿಸುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ನಾವೂ ಮೊದಲು ಇದನ್ನು ಮರ್ಯಾದೆಯ ಲೆಕ್ಕ ಎಂದೇ ಅಂದುಕೊಂಡಿದ್ದೆವು. ಪ್ರತಿ ಸಾಲಿಗೂ ಒಂದು 'ಸರ್' ಸೇರಿಸಿದೆವು, 'ದಯವಿಟ್ಟು' ಜಾಸ್ತಿ ಮಾಡಿದೆವು. ಏನೂ ಬದಲಾಗಲಿಲ್ಲ.

ನಿಜವಾದ ಕಾರಣ ಬೇರೆ. ನೀವು ಕಾರ್ಯದರ್ಶಿಗೆ ಬರೆದ ಪತ್ರವನ್ನು ಕಾರ್ಯದರ್ಶಿ ಒಬ್ಬರೇ ಓದುವುದಿಲ್ಲ. ಅದು ಮೊದಲು ಟಪಾಲು ವಹಿಯಲ್ಲಿ ನಂಬರು ಪಡೆಯುತ್ತದೆ, ಆಮೇಲೆ ಕಡತಕ್ಕೆ ಸೇರುತ್ತದೆ. ದುಡ್ಡಿನ ವಿಷಯ ಆಗಿದ್ದರೆ ಆಡಳಿತ ಮಂಡಳಿಯ ಸಭೆಗೆ ಹೋಗುತ್ತದೆ. ಅಲ್ಲಿ ಅದನ್ನು ಜೋರಾಗಿ ಓದುತ್ತಾರೆ, ಠರಾವು ಮಾಡುತ್ತಾರೆ, ನಡವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಮುಂದಿನ ವರ್ಷ ಲೆಕ್ಕ ಪರಿಶೋಧಕರು ಬಂದು ಅದೇ ಕಡತ ತೆರೆಯುತ್ತಾರೆ. ಸಹಕಾರ ಸಂಘಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ನಡೆಯುತ್ತವೆ, ಪ್ರತಿ ವರ್ಷ ಆಡಿಟ್ ಆಗಲೇಬೇಕು. 'ಇದನ್ನು ಯಾಕೆ ಒಪ್ಪಿದಿರಿ?' ಎಂದು ಆಡಿಟರ್ ಕೇಳಿದಾಗ ಉತ್ತರ ಹೇಳಬೇಕಾದವರು ಕಾರ್ಯದರ್ಶಿ. ನೀವಲ್ಲ.

ಹಾಗಾಗಿ ನಿಮ್ಮ ಪತ್ರ, ನಿಮ್ಮ ಪರಿಚಯವೇ ಇಲ್ಲದ ಒಬ್ಬರು ಒಂದು ವರ್ಷದ ಮೇಲೆ ಓದಿದರೂ ಅರ್ಥವಾಗಬೇಕು. 'ಮೊನ್ನೆ ಹೇಳಿದ್ನಲ್ಲ ಸರ್, ಅದು ಆಯ್ತು' ಎನ್ನುವ ಸಾಲಿನಲ್ಲಿ ಮರ್ಯಾದೆ ಇದೆ, 'ಸರ್' ಕೂಡ ಇದೆ. ಆದರೆ ಮೊನ್ನೆ ಅಂದರೆ ಯಾವತ್ತು, ಅದು ಅಂದರೆ ಯಾವುದು, ಆಯ್ತು ಅಂದರೆ ಏನಾಯ್ತು? ಕಡತಕ್ಕೆ ಇದರಿಂದ ಏನೂ ಸಿಗುವುದಿಲ್ಲ. ನಮ್ಮ ತಂಡದೊಳಗೆ ಇದು ನಡೆಯುತ್ತದೆ. ಯಾಕೆಂದರೆ ಮೊನ್ನೆ ನಾವೆಲ್ಲ ಒಂದೇ ಕೋಣೆಯಲ್ಲಿ ಕೂತಿದ್ದೆವು.

ಒಂದು ನಿಜವಾದ ಉದಾಹರಣೆ ಕೊಡಿ.

ನಮ್ಮದೇ ತಪ್ಪಿನ ಕಥೆ ಹೇಳುತ್ತೇನೆ. ಸಂಘದ ಹಳೆಯ ಲೆಡ್ಜರ್‌ಗಳಲ್ಲಿದ್ದ ಸದಸ್ಯರ ವಿವರಗಳನ್ನು ಹೊಸ ಸಾಫ್ಟ್‌ವೇರ್‌ಗೆ ಏರಿಸುವ ಕೆಲಸ ನಮ್ಮದಾಗಿತ್ತು. ಸದಸ್ಯರನ್ನು ನಾವು ಹೆಸರಿನಿಂದ ಗುರುತಿಸಿದೆವು, ಸದಸ್ಯತ್ವ ಸಂಖ್ಯೆಯಿಂದ ಅಲ್ಲ. ಕೊಡಗಿನಲ್ಲಿ ಇದು ಎಂಥಾ ದಡ್ಡತನ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೆಸರಿನ ಮುಂದೆ ಮನೆತನದ ಹೆಸರು ಇರುತ್ತದೆ, ಸರಿ. ಆದರೆ ಒಂದೇ ಮನೆತನದಲ್ಲಿ ಒಂದೇ ಹೆಸರಿನ ದೊಡ್ಡಪ್ಪ ಒಬ್ಬರು, ಮಗ ಒಬ್ಬ ಇರುವುದು ಇಲ್ಲಿ ಮಾಮೂಲು. ಅಂಥ ಏಳು ಜೋಡಿ ಸದಸ್ಯರ ಷೇರು ಹಣ ಅದಲುಬದಲಾಯಿತು. ಒಬ್ಬ ಸದಸ್ಯರು ಕೌಂಟರಿಗೆ ಬಂದು ಕೇಳಿದಾಗ ವಿಷಯ ಹೊರಗೆ ಬಂತು.

ಸಂಘದಿಂದ ಫೋನ್ ಬಂತು. ಅದೇ ದಿನ ಸಂಜೆ ನಾವು ಸರಿ ಮಾಡಿದೆವು. ಕೆಲಸ ಚೆನ್ನಾಗೇ ಆಯಿತು. ಆಮೇಲೆ ನಮ್ಮ ಹುಡುಗ ಕಾರ್ಯದರ್ಶಿಯವರಿಗೆ ವಾಟ್ಸ್ಆ್ಯಪ್ ಮಾಡಿದ:

> ಸರ್ ಸಣ್ಣ ಪ್ರಾಬ್ಲಂ ಇತ್ತು, ಹೆಸ್ರು ಮಿಕ್ಸ್ ಆಗಿತ್ತು ಅಷ್ಟೆ. ಸರಿ ಮಾಡಿದೀವಿ. ಟೆನ್ಷನ್ ಬೇಡ.

ಕೊನೆಗೆ ಒಂದು ಹೆಬ್ಬೆರಳಿನ ಚಿತ್ರ ಬೇರೆ. ಆ ಕಡೆಯಿಂದ ಉತ್ತರ ಬರಲಿಲ್ಲ. ಒಂದು ವಾರ ಆಯಿತು. ನಾವು 'ಓಕೆ ಆಗಿರಬೇಕು' ಅಂದುಕೊಂಡೆವು. ಆಮೇಲೆ ನೋಡಿದರೆ ನಮ್ಮ ಬಿಲ್ಲು ತಡೆದು ನಿಂತಿದೆ. ನಾನೇ ಹೋಗಿ ಕಾರ್ಯದರ್ಶಿಯವರ ಎದುರು ಕೂತೆ. ಅವರು ಸಿಟ್ಟು ಮಾಡಲಿಲ್ಲ. 'ಸದಸ್ಯರ ಷೇರು ಹಣ ನಿಮಗೆ ಸಣ್ಣ ವಿಷಯ ಇರಬಹುದು. ನಾನು ಮಂಡಳಿಗೆ ಏನಂತ ಓದಲಿ? ಟೆನ್ಷನ್ ಬೇಡ ಅಂತ ಓದಲಾ?' ಎಂದರು.

ಅವರ ಎದುರೇ ಕೂತು ಬರೆದ ಪತ್ರ ಹೀಗಿತ್ತು. ದಿನಾಂಕ, ಸಂಖ್ಯೆಗಳನ್ನು ಮಾತ್ರ ಇಲ್ಲಿ ಬದಲಿಸಿದ್ದೇನೆ.

> ದಿನಾಂಕ: 22-07-2024
>
> ಇವರಿಗೆ,
> ಕಾರ್ಯದರ್ಶಿಗಳು,
> (ಸಂಘದ ಹೆಸರು, ಊರು)
>
> ಮಾನ್ಯರೇ,
>
> ವಿಷಯ: 14 ಸದಸ್ಯರ ಷೇರು ಖಾತೆಗಳಲ್ಲಿ ಆಗಿದ್ದ ತಪ್ಪನ್ನು ಸರಿಪಡಿಸಿರುವ ಬಗ್ಗೆ.
>
> ಉಲ್ಲೇಖ: 1. ಒಪ್ಪಂದ ಪತ್ರ, ದಿನಾಂಕ 05-02-2024. 2. ತಮ್ಮ ಕಚೇರಿಯ ದೂರವಾಣಿ ಕರೆ, ದಿನಾಂಕ 15-07-2024.
>
> ಹಳೆಯ ಲೆಡ್ಜರ್‌ನ ವಿವರಗಳನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವಾಗ ನಾವು ಸದಸ್ಯರನ್ನು ಸದಸ್ಯತ್ವ ಸಂಖ್ಯೆಯ ಬದಲು ಹೆಸರಿನಿಂದ ಗುರುತಿಸಿದೆವು. ಇದರಿಂದ ಒಂದೇ ಮನೆತನದ, ಒಂದೇ ಹೆಸರಿನ 7 ಜೋಡಿ ಸದಸ್ಯರ ಷೇರು ಮೊತ್ತ ಪರಸ್ಪರ ಬದಲಾಯಿತು. ಇದು ನಮ್ಮ ತಪ್ಪು. ಸಂಘದ ಸಿಬ್ಬಂದಿಯ ಬರಹದಲ್ಲಿ ಯಾವ ಲೋಪವೂ ಇರಲಿಲ್ಲ.
>
> ದಿನಾಂಕ 15-07-2024ರಂದು ಈ 14 ಖಾತೆಗಳನ್ನು ಸರಿಪಡಿಸಿದ್ದೇವೆ. ಉಳಿದ ಎಲ್ಲ ಸದಸ್ಯರ ಖಾತೆಗಳನ್ನು ಸದಸ್ಯತ್ವ ಸಂಖ್ಯೆಯ ಪ್ರಕಾರ ಮತ್ತೆ ಹೋಲಿಸಿ ನೋಡಿದ್ದೇವೆ. ಬೇರೆ ವ್ಯತ್ಯಾಸ ಕಂಡುಬಂದಿಲ್ಲ. ಈ ಅವಧಿಯಲ್ಲಿ ಯಾರ ಖಾತೆಗೂ ಹಣ ಪಾವತಿ ಆಗಿಲ್ಲ.
>
> ಲಗತ್ತಿಸಿರುವ ಪಟ್ಟಿಯನ್ನು ಹಳೆಯ ಲೆಡ್ಜರ್‌ನೊಂದಿಗೆ ತಾಳೆ ನೋಡಿ, ಸರಿಯಿದ್ದಲ್ಲಿ ಲಿಖಿತವಾಗಿ ದೃಢಪಡಿಸಬೇಕೆಂದು ಕೋರುತ್ತೇವೆ.
>
> ಇಂತಿ ತಮ್ಮ ವಿಶ್ವಾಸಿ,
> (ಸಹಿ, ಹೆಸರು, ಹುದ್ದೆ)
>
> ಅಡಕ: 14 ಸದಸ್ಯರ ಪಟ್ಟಿ, ಮೊದಲಿನ ಮತ್ತು ಈಗಿನ ಮೊತ್ತದೊಂದಿಗೆ.

ಈ ಪತ್ರದಲ್ಲಿ ಸಿಹಿ ಮಾತು ಎಷ್ಟಿದೆ ನೋಡಿ. ಇಲ್ಲವೇ ಇಲ್ಲ. 'ಕ್ಷಮಿಸಿ' ಕೂಡ ಇಲ್ಲ. ಆದರೆ ಮಂಡಳಿಯಲ್ಲಿ ಯಾರೇ ಎದ್ದು ಪ್ರಶ್ನೆ ಕೇಳಿದರೂ ಉತ್ತರ ಇದರೊಳಗೇ ಇದೆ. ಏನಾಯಿತು, ಯಾರಿಂದ ಆಯಿತು, ಎಷ್ಟು ಜನರಿಗೆ, ದುಡ್ಡು ಹೋಯಿತಾ, ಈಗ ನಾವು ಏನು ಮಾಡಬೇಕು. ಕಾರ್ಯದರ್ಶಿಯವರು ಓದಿ ಒಂದೇ ಒಂದು ಬದಲಾವಣೆ ಹೇಳಿದರು. ಸಿಬ್ಬಂದಿಯ ಲೋಪ ಇಲ್ಲ ಎನ್ನುವ ಸಾಲನ್ನು ಕೊನೆಯಿಂದ ಮೊದಲ ಪ್ಯಾರಾಕ್ಕೆ ತರಿಸಿದರು. ಅವರಿಗೆ ಬೇಕಾಗಿದ್ದ ಸಾಲು ಅದು.

'ಸಣ್ಣ ಪ್ರಾಬ್ಲಂ' ಅಂದರೆ ಏನು ತಪ್ಪು? ನಿಜಕ್ಕೂ ಸಣ್ಣದೇ ಆಗಿತ್ತಲ್ಲ?

ನಮಗೆ ಸಣ್ಣದು. ಅದು ದೊಡ್ಡದೋ ಸಣ್ಣದೋ ಎಂದು ಹೇಳುವ ಹಕ್ಕು ಹಣ ಯಾರದೋ ಅವರದು. ಸೈಜು ಹೇಳಬೇಡಿ, ಸಂಖ್ಯೆ ಹೇಳಿ. '14 ಖಾತೆ' ಎಂದು ಬರೆದರೆ ಅವರೇ ಅಳೆದುಕೊಳ್ಳುತ್ತಾರೆ.

'ನೀವು' ಬರೆಯಬೇಕಾ, 'ತಾವು' ಬರೆಯಬೇಕಾ?

ಎರಡೂ ನಡೆಯುತ್ತದೆ. ಅವರು ನಿಮಗೆ ಬರೆದ ಪತ್ರ ತೆಗೆದು ನೋಡಿ. ಅವರು 'ತಾವು' ಎಂದು ಬರೆದಿದ್ದರೆ ನೀವೂ ಹಾಗೇ ಬರೆಯಿರಿ. ಕಷ್ಟ ಇರುವುದು ಆಯ್ಕೆಯಲ್ಲಿ ಅಲ್ಲ, ಬೆರಕೆಯಲ್ಲಿ. ಮೊದಲ ಸಾಲಿನಲ್ಲಿ 'ತಮ್ಮ ಪತ್ರ', ಮೂರನೇ ಸಾಲಿನಲ್ಲಿ 'ನಿಮ್ಮ ಕಚೇರಿ', ಕೊನೆಗೆ 'ನೋಡಿ ಹೇಳಿ' ಎಂದರೆ, ಮದುವೆಗೆ ಕುಪ್ಯ ಚೇಲೆ ಉಟ್ಟು ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದ ಹಾಗೆ ಕಾಣುತ್ತದೆ.

'ತಾವು' ಬಳಸುವವರಿಗೆ ಇನ್ನೊಂದು ಬಲೆ ಇದೆ. 'ತಮ್ಮ' ಎನ್ನುವ ಪದಕ್ಕೆ ಎರಡು ಅರ್ಥ. ಒಂದು, ಎದುರಿನವರ. ಇನ್ನೊಂದು, ವಾಕ್ಯದ ಕರ್ತೃವಿನ ಸ್ವಂತದ್ದು. ನಾವೊಮ್ಮೆ 'ಸದಸ್ಯರು ತಮ್ಮ ಕಚೇರಿಯಲ್ಲಿ ಅರ್ಜಿ ಕೊಡಬೇಕು' ಎಂದು ಬರೆದೆವು. ನಮ್ಮ ಮನಸ್ಸಿನಲ್ಲಿದ್ದದ್ದು ಸಂಘದ ಕಚೇರಿ. ಓದಿದ ನಿರ್ದೇಶಕರೊಬ್ಬರು 'ಸದಸ್ಯರಿಗೆ ಎಲ್ಲಿಯ ಕಚೇರಿ ಮಾರಾಯ್ರೇ?' ಎಂದು ಕೇಳಿದರಂತೆ. ಸದಸ್ಯರ ಬಗ್ಗೆ ಮತ್ತು ಸಂಘದ ಬಗ್ಗೆ ಒಂದೇ ವಾಕ್ಯದಲ್ಲಿ ಬರೆಯುವಾಗ 'ತಮ್ಮ' ಬಿಡಿ. 'ಸಂಘದ ಕಚೇರಿ', 'ಸದಸ್ಯರ ಖಾತೆ' ಎಂದು ಹೆಸರಿಟ್ಟೇ ಬರೆಯಿರಿ. ಲೆಕ್ಕದ ಪತ್ರದಲ್ಲಿ ಇದು ಬರೀ ವ್ಯಾಕರಣ ಅಲ್ಲ. ಯಾರ ಹಣ ಎನ್ನುವುದೇ ಬದಲಾಗುತ್ತದೆ.

ನಮ್ಮ ತಂಡದಲ್ಲಿ ಯಾರಿಗೂ 'ತಾವು' ಬಾಯಿಗೆ ಬರುವುದಿಲ್ಲ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಪತ್ರದ ಕನ್ನಡ ಮಾತ್ರ ಹತ್ತನೇ ಕ್ಲಾಸಿನ ಪತ್ರಲೇಖನದ ಪ್ರಶ್ನೆಯಲ್ಲಿ ಬಿಟ್ಟು ಬಂದದ್ದು. ಅದಕ್ಕೆ ನಾಚಿಕೆ ಬೇಡ. ಆ ಐದು ಅಂಕದ ಪ್ರಶ್ನೆಯ ಅಚ್ಚೇ ಇಲ್ಲಿಯೂ ಸಾಕು.

'ಮಾಡಲಾಗಿದೆ', 'ಮಾಡಿರುತ್ತದೆ' ಎಂದು ಬರೆದರೆ ಫಾರ್ಮಲ್ ಆಗುತ್ತದಲ್ಲವಾ?

ಆಫೀಸಿನ ಪತ್ರ ಓದಿ ಓದಿ ಎಲ್ಲರಿಗೂ ಬರುವ ಅನುಮಾನ ಇದು. 'ಪತ್ರ ಸ್ವೀಕರಿಸಲಾಗಿದೆ', 'ಪಟ್ಟಿ ಲಗತ್ತಿಸಲಾಗಿದೆ' ಎನ್ನುವ ಕಡೆ ಪರವಾಗಿಲ್ಲ. ಯಾರು ಲಗತ್ತಿಸಿದರು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ತಪ್ಪು ಒಪ್ಪಿಕೊಳ್ಳುವ ಕಡೆ ಮಾತ್ರ ಹೀಗೆ ಬರೆಯಲೇಬೇಡಿ. ಮೇಲಿನ ಪತ್ರದ ನಮ್ಮ ಮೊದಲ ಕರಡಿನಲ್ಲಿ 'ಮೊತ್ತಗಳು ತಪ್ಪಾಗಿ ನಮೂದಾಗಿರುತ್ತವೆ' ಎಂದಿತ್ತು. ಕೇಳುವುದಕ್ಕೆ ಗಂಭೀರವಾಗಿದೆ. ಆದರೆ ನಮೂದು ಮಾಡಿದವರು ಯಾರು? ಸಂಘದಲ್ಲಿ ನಮೂದು ಮಾಡುವುದು ಕೌಂಟರಿನ ಗುಮಾಸ್ತೆ. ಮಂಡಳಿಯಲ್ಲಿ ಈ ಸಾಲು ಓದಿದ್ದರೆ ಎಲ್ಲರ ಕಣ್ಣು ಅವರ ಮೇಲೆ ಹೋಗುತ್ತಿತ್ತು. ಮೂವತ್ತು ವರ್ಷ ಲೆಡ್ಜರ್ ಬರೆದವರು. ಅವರ ಅಕ್ಷರ ನೋಡಿಯೇ ನಾವು ಡೇಟಾ ಏರಿಸಿದ್ದು. ನಮ್ಮ ತಪ್ಪನ್ನು ವ್ಯಾಕರಣದ ಹಿಂದೆ ಬಚ್ಚಿಟ್ಟು ಅವರ ತಲೆಗೆ ಕಟ್ಟಿದ ಹಾಗೆ ಆಗುತ್ತಿತ್ತು. 'ನಾವು ಗುರುತಿಸಿದೆವು', 'ನಮ್ಮ ತಪ್ಪು' ಎನ್ನುವ ಸಾದಾ ಮಾತು ಬಂದದ್ದು ಆಮೇಲೆ.

ಕಂಡುಹಿಡಿಯುವ ದಾರಿ ಸುಲಭ. ಕರಡಿನ ಪ್ರತಿ ಕ್ರಿಯಾಪದಕ್ಕೂ 'ಯಾರು?' ಎಂದು ಕೇಳಿ. ಉತ್ತರ 'ಯಾರಾದರೂ ಆಗಬಹುದು' ಎಂದು ಬಂದರೆ, ಓದುವವರು ತಮಗೆ ಬೇಕಾದವರನ್ನು ಅಲ್ಲಿ ಕೂರಿಸಿಕೊಳ್ಳುತ್ತಾರೆ.

ವಾಟ್ಸ್ಆ್ಯಪ್ ಪೂರ್ತಿ ಬಿಡಬೇಕಾ?

ಬೇಡ. ಅವರೂ ಬಳಸುತ್ತಾರೆ. ನಾವು ಹಾಕಿಕೊಂಡ ಗೆರೆ ಇದು: ಯಾವಾಗ, ಎಲ್ಲಿ ಎನ್ನುವುದು ವಾಟ್ಸ್ಆ್ಯಪ್‌ನಲ್ಲಿ. ಏನು, ಎಷ್ಟು, ಒಪ್ಪಿಗೆ ಎನ್ನುವುದು ಪತ್ರದಲ್ಲಿ ಅಥವಾ ಮೇಲ್‌ನಲ್ಲಿ. 'ನಾಳೆ ಬೆಳಿಗ್ಗೆ 11 ಗಂಟೆಗೆ ಬರಬಹುದೇ ಸರ್?' ಎಂದು ವಾಟ್ಸ್ಆ್ಯಪ್ ಮಾಡಬಹುದು. 'ರಸೀದಿಯ ನಮೂನೆ ಬದಲಿಸಿದ್ದೇವೆ' ಎಂದು ಮಾಡಬಾರದು.

ಅವರು ವಾಟ್ಸ್ಆ್ಯಪ್‌ನಲ್ಲೇ ಏನಾದರೂ ಒಪ್ಪಿಗೆ ಕೊಟ್ಟರೆ, ಅದೇ ದಿನ ಮೇಲ್ ಕಳಿಸಿ: 'ದಿನಾಂಕ ಇಂಥದ್ದರಂದು ತಾವು ಸಂದೇಶದ ಮೂಲಕ ತಿಳಿಸಿದಂತೆ…' ಎಂದು. ನಮಗೂ ಅದು ರಕ್ಷಣೆ.

ಹೆಬ್ಬೆರಳಿನ ಚಿತ್ರದ ಬಗ್ಗೆ ಒಂದು ಮಾತು. ನಮ್ಮೊಳಗೆ ಅದು 'ಸರಿ, ನೋಡಿದೆ'. ಹಿರಿಯರು ಕೆಲವರಿಗೆ ಅದು 'ಆಯ್ತು ಹೋಗು' ಎಂದ ಹಾಗೆ ಕೇಳುತ್ತದೆ. 'ಆಗಲಿ ಸರ್' ಎಂದು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ. ಕೌಂಟರಿನಲ್ಲಿ ಹತ್ತು ಜನರ ಎದುರು ಅದನ್ನು ಯಾರು ಕೇಳಿಸಿಕೊಳ್ಳಬೇಕು?

ಕೊಡಗಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಗೊತ್ತು. ಅಧ್ಯಕ್ಷರು ನನ್ನ ಫ್ರೆಂಡಿನ ಮಾವ. ಅವರಿಗೂ 'ಮಾನ್ಯರೇ' ಅನ್ನಬೇಕಾ?

ಪತ್ರದಲ್ಲಿ ಹೌದು. ಪತ್ರ ಬರೆಯುವುದು ಹುದ್ದೆಗೆ. ನಾಳೆ ಚುನಾವಣೆ ಆಗಿ ಬೇರೆ ಅಧ್ಯಕ್ಷರು ಬಂದರೂ ಆ ಪತ್ರ ಹಾಗೇ ನಿಲ್ಲಬೇಕು. ಹೆಸರು ಕೂಡ ಬೇಡ, 'ಅಧ್ಯಕ್ಷರು' ಸಾಕು. ಫ್ರೆಂಡಿನ ಮದುವೆಯಲ್ಲಿ ಸಿಕ್ಕಾಗ 'ಮಾವ' ಎನ್ನಿ. ಅಲ್ಲಿ 'ಅಧ್ಯಕ್ಷರೇ' ಎಂದರೆ ಅವರೇ ನಗುತ್ತಾರೆ.

ಕಷ್ಟ ಬರುವುದು ನಡುವಿನ ಜಾಗದಲ್ಲಿ. ಮದುವೆ ಮನೆಯಲ್ಲಿ, ಊಟದ ಸಾಲಿನಲ್ಲಿ ನಿಂತಾಗ, 'ಮಾವ, ನಮ್ಮ ಬಿಲ್ಲು ಸ್ವಲ್ಪ ನೋಡಿ' ಎಂದು ಬಾಯಿಗೆ ಬರುತ್ತದೆ. ನಮ್ಮಲ್ಲಿ ಒಬ್ಬ ಹಾಗೆ ಹೇಳಿಯೂ ಬಿಟ್ಟ. ಅವರು ಏನೂ ಅನ್ನಲಿಲ್ಲ. ಆದರೆ ಮುಂದಿನ ಸಭೆಯಲ್ಲಿ ನಮ್ಮ ಬಿಲ್ಲು ಬಂದಾಗ ಅವರು ಬಾಯಿ ಬಿಡಲಿಲ್ಲವಂತೆ. ಪರಿಚಯದವರಿಗೆ ಸಹಾಯ ಮಾಡಿದರು ಎನ್ನುವ ಮಾತು ಬರಬಾರದಲ್ಲ. ಸಲುಗೆಯಿಂದ ಕೇಳಿದ್ದಕ್ಕೆ, ನಮ್ಮ ಪರ ಮಾತಾಡಬಹುದಾಗಿದ್ದ ಒಬ್ಬರ ಬಾಯಿ ಕಟ್ಟಿಹೋಯಿತು.

ಅವರು ನನಗೆ 'ಏನಪ್ಪಾ, ಬಾ ಕೂತ್ಕೋ' ಎನ್ನುತ್ತಾರೆ. ನಾನೂ ಸ್ವಲ್ಪ ಸಡಿಲ ಆಗಬಹುದಾ?

ಮಾತಿನಲ್ಲಿ ಸ್ವಲ್ಪ. ನಗಬಹುದು, ಕಾಫಿ ಮೊಗ್ಗು ಬಂತಾ, ಹೂಮಳೆ ಸಾಕಾಯಿತಾ ಎಂದು ಕೇಳಬಹುದು. ಆದರೆ ಹಿರಿಯರು ಕಿರಿಯರಿಗೆ ಏಕವಚನ ಹಾಕುವುದು ಒಮ್ಮುಖ ರಸ್ತೆ. ವಾಪಸು ಅದೇ ದಾರಿಯಲ್ಲಿ ಬರಬಾರದು. ನಮ್ಮ ಕಾರ್ಯದರ್ಶಿಯವರು ಹುತ್ತರಿ ಸಮಯದಲ್ಲಿ ನಮ್ಮ ಇಡೀ ತಂಡಕ್ಕೆ ತಂಬುಟ್ಟು ತಿನ್ನಿಸಿದರು. ಮರುದಿನ ಬಂದ ಅವರ ಪತ್ರ 'ಮಾನ್ಯರೇ' ಎಂದೇ ಶುರುವಾಗಿತ್ತು. ಅವರಿಗೆ ಈ ಎರಡರ ನಡುವೆ ಏನೂ ತೊಡಕು ಕಾಣುವುದಿಲ್ಲ. ನಮಗೇ ವಿಚಿತ್ರ ಅನ್ನಿಸಿದ್ದು.

ಮಳೆಗಾಲದಲ್ಲಿ ಕೆಲಸ ತಡವಾದರೆ ಹೇಗೆ ಹೇಳುವುದು?

ಜುಲೈ, ಆಗಸ್ಟ್‌ನಲ್ಲಿ ನಮ್ಮೊಳಗೆ 'ಕರೆಂಟಿಲ್ಲ' ಎನ್ನುವುದು ಪೂರ್ತಿ ವಾಕ್ಯ. ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ಮರ ಬಿದ್ದಿದೆ, ಲೈನ್ ಹೋಗಿದೆ, ನಾಳೆಯೋ ನಾಡಿದ್ದೋ ಬರುತ್ತದೆ. ಸಂಘದವರಿಗೂ ಇದು ಗೊತ್ತು, ಅವರೂ ಅದೇ ಮಳೆಯಲ್ಲಿ ಇದ್ದಾರೆ. ಹಾಗಾಗಿ ಕಾರಣ ವಿವರಿಸುವುದರಲ್ಲಿ ಸಾಲು ಖರ್ಚು ಮಾಡಬೇಡಿ. ಅವರಿಗೆ ಬೇಕಾದದ್ದು ಹೊಸ ದಿನಾಂಕ, ಮತ್ತು ಅಲ್ಲಿಯ ತನಕ ಕೌಂಟರಿನಲ್ಲಿ ಏನು ಮಾಡಬೇಕು ಎನ್ನುವುದು.

> ದಿನಾಂಕ 24-07-2024ರಂದು ಕೊಡಬೇಕಿದ್ದ ಸಾಲದ ವರದಿಯನ್ನು ವಿದ್ಯುತ್ ವ್ಯತ್ಯಯದಿಂದಾಗಿ 29-07-2024ರಂದು ಕೊಡುತ್ತೇವೆ. ಅಲ್ಲಿಯವರೆಗೆ ರಸೀದಿಗಳನ್ನು ಕೈಬರಹದಲ್ಲಿ ನೀಡಿದಲ್ಲಿ, ಅವುಗಳನ್ನು ನಾವೇ ತಂತ್ರಾಂಶಕ್ಕೆ ಸೇರಿಸಿಕೊಡುತ್ತೇವೆ.

ದಿನಾಂಕ ಹಾಕುವಾಗ ಎರಡು ದಿನ ಜಾಸ್ತಿಯೇ ಹಾಕಿ. 'ಆದಷ್ಟು ಬೇಗ' ಎಂದು ಬರೆದರೆ ಅವರು ಅಜೆಂಡಾದಲ್ಲಿ ಸೇರಿಸಲು ಆಗುವುದಿಲ್ಲ. ಒಮ್ಮೆ ತಪ್ಪಿದ ದಿನಾಂಕವನ್ನು ಎರಡನೇ ಸಲ ತಪ್ಪಿಸಿದರೆ ಮಳೆಯ ಕಾರಣ ಯಾರೂ ಕೇಳುವುದಿಲ್ಲ.

ಕನ್ನಡದಲ್ಲೇ ಬರೆಯಬೇಕಾ? ಇಂಗ್ಲಿಷ್ ನಮಗೆ ಸುಲಭ.

ಅವರು ಯಾವ ಭಾಷೆಯಲ್ಲಿ ನಡವಳಿ ಬರೆಯುತ್ತಾರೋ ಆ ಭಾಷೆಯಲ್ಲಿ ಬರೆಯಿರಿ. ಇಂಗ್ಲಿಷ್ ಪತ್ರ ಕೊಟ್ಟರೆ ಕಾರ್ಯದರ್ಶಿಯವರೇ ಕೂತು ಅನುವಾದ ಮಾಡಬೇಕು, ಆಗ ನಿಮ್ಮ ಮಾತು ನಿಮ್ಮದಾಗಿ ಉಳಿಯುವುದಿಲ್ಲ. ಸರ್ವರ್, ಬ್ಯಾಕಪ್, ಪಾಸ್‌ವರ್ಡ್ ಎಂದು ಕನ್ನಡ ಅಕ್ಷರದಲ್ಲೇ ಬರೆದರೆ ಸಾಕು. ಅವುಗಳಿಗೆ ಸಂಸ್ಕೃತದ ಪದ ಹುಡುಕಲು ಹೋಗಬೇಡಿ.

ಜಾಸ್ತಿ ಫಾರ್ಮಲ್ ಆಗುವ ಅಪಾಯ ಇದೆಯಾ?

ಖಂಡಿತ. ಬಿಲ್ಲು ತಡೆದ ಮೇಲೆ ಹೆದರಿ ನಾವು ಒಂದು ಪತ್ರ ಬರೆದೆವು. 'ಘನತೆವೆತ್ತ', 'ತಮ್ಮ ಅಮೂಲ್ಯ ಸಮಯ', 'ವಿನಮ್ರ ಬಿನ್ನಹ', 'ಕೃಪೆ ತೋರಿ'. ಒಂದೂವರೆ ಪುಟ. ಕೇಳಿದ್ದು ಒಂದೇ, ಪಾಸ್‌ವರ್ಡ್ ಬದಲಿಸಲು ಅನುಮತಿ. ಕಾರ್ಯದರ್ಶಿಯವರು ಫೋನ್ ಮಾಡಿ 'ಏನಾದ್ರೂ ದೊಡ್ಡ ತಪ್ಪು ಆಗಿದೆಯಾ?' ಎಂದು ಕೇಳಿದರು. ಇಷ್ಟು ಬಾಗುತ್ತಿದ್ದಾರೆ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿತ್ತು.

ಮೊದಲಿಗೆ ಒಂದು 'ಮಾನ್ಯರೇ', ಕೊನೆಗೆ ಒಂದು 'ಕೋರುತ್ತೇವೆ'. ನಡುವೆ ವಿಷಯ. ಗುಣವಾಚಕಗಳನ್ನು ತೆಗೆದುಹಾಕಿ ಓದಿ ನೋಡಿ. ಪತ್ರ ಕುಸಿದು ಬಿದ್ದರೆ ಅದರಲ್ಲಿ ವಿಷಯವೇ ಇರಲಿಲ್ಲ ಎಂದು ಅರ್ಥ.

ಆಡಳಿತ ಮಂಡಳಿಯ ಸಭೆಗೆ ಕರೆದರೆ?

ಹೇಳಿದ ಹೊತ್ತಿಗೆ ಹೋಗಿ, ಹೊರಗೆ ಕೂತು ಕಾಯಿರಿ. ಒಂದು ಗಂಟೆ ಕಾಯುವುದು ಮಾಮೂಲು. ಒಳಗೆ ಕರೆದ ಮೇಲೆ ಮಾತು ಅಧ್ಯಕ್ಷರನ್ನು ಉದ್ದೇಶಿಸಿ ಇರಬೇಕು, ಪ್ರಶ್ನೆ ಯಾರೇ ಕೇಳಿರಲಿ. ಮೊದಲ ಸಲ ನಾವು ಮೂವರು ಹೋಗಿದ್ದೆವು. ನಾನು ಉತ್ತರ ಹೇಳುವಾಗ ನಮ್ಮ ಹುಡುಗಿ ನಡುವೆ 'ಹಾಗಲ್ಲ, ನೀನು ತಪ್ಪು ಹೇಳ್ತಿದ್ದೀಯ' ಎಂದಳು. ನಮ್ಮ ಕೋಣೆಯಲ್ಲಿ ಇದು ದಿನಾ ನಡೆಯುವ ಮಾತು. ಅವಳು ಹೇಳಿದ್ದು ಸರಿಯೂ ಆಗಿತ್ತು. ಆದರೆ ಸುತ್ತ ಕೂತ ನಿರ್ದೇಶಕರ ಮುಖ ನೋಡಬೇಕಿತ್ತು. ಇವರಲ್ಲೇ ಒಮ್ಮತ ಇಲ್ಲ ಎಂದು ಅವರು ಓದಿಕೊಂಡರು.

ಆಮೇಲೆ ಒಂದು ವ್ಯವಸ್ಥೆ ಮಾಡಿಕೊಂಡೆವು. ಒಬ್ಬರೇ ಮಾತಾಡುವುದು. ತಪ್ಪು ಹೇಳಿದರೆ ಪಕ್ಕದವರು ಚೀಟಿಯಲ್ಲಿ ಬರೆದು ಮುಂದೆ ತಳ್ಳುವುದು. ಮಾತಾಡುವವರು ಅದನ್ನು ನೋಡಿ 'ಒಂದು ತಿದ್ದುಪಡಿ ಇದೆ ಅಧ್ಯಕ್ಷರೇ' ಎಂದು ತಾವೇ ಸರಿ ಮಾಡುವುದು. ಉತ್ತರ ಗೊತ್ತಿಲ್ಲದಿದ್ದರೆ 'ಇಂಥ ದಿನದೊಳಗೆ ಲಿಖಿತವಾಗಿ ತಿಳಿಸುತ್ತೇವೆ' ಎನ್ನುವುದು. ಅಲ್ಲೇ ಊಹೆ ಮಾಡಿ ಹೇಳಿದರೆ ಅದು ನಡವಳಿಯಲ್ಲಿ ಸೇರಿಬಿಡುತ್ತದೆ.

ಹಾಗಾದರೆ ನಮ್ಮ ತಂಡದೊಳಗೂ ಹೀಗೇ ಮಾತಾಡುವ ಅಭ್ಯಾಸ ಮಾಡಬೇಕಾ?

ಬೇಡಪ್ಪ. ಒಂದು ತಿಂಗಳು ಪ್ರಯತ್ನಿಸಿದೆವು, ಯಾರೂ ತಪ್ಪನ್ನು ಬೇಗ ಹೇಳದ ಹಾಗಾಯಿತು. ತಪ್ಪನ್ನು ಅದೇ ದಿನ ಕಂಡುಹಿಡಿದು ಸರಿ ಮಾಡಲು ಆದದ್ದೇ ನಮ್ಮ ಸಲುಗೆಯಿಂದ. ಬದಲಿಗೆ ಹೊರಗೆ ಹೋಗುವ ಬಾಗಿಲು ಒಂದೇ ಇಟ್ಟೆವು. ಕರಡು ಯಾರು ಬೇಕಾದರೂ ಬರೆಯಬಹುದು, ಕಳಿಸುವುದು ಒಬ್ಬರೇ. ನಮ್ಮಲ್ಲಿ ಆ ಕೆಲಸ ಮಲಯಾಳ ಮನೆಮಾತಿನ ಹುಡುಗನದು. ಕನ್ನಡವನ್ನು ಓದಿ ಕಲಿತವನು ಅವನು, ಹಾಗಾಗಿ ನಮಗೆ ಕಾಣದ ಬೆರಕೆ ಅವನಿಗೆ ಕಾಣುತ್ತದೆ.

ಇನ್ನೊಂದು ಎಚ್ಚರ. ತಂಡದ ಒಳಗಿನ ಮೇಲ್ ಸರಪಳಿಗೆ ಕ್ಲೈಂಟನ್ನು ಸೇರಿಸಬೇಡಿ. ಕೆಳಗೆ ಜಾರಿಸಿ ನೋಡಿದರೆ ನಿಮ್ಮ ಎಲ್ಲ ತಮಾಷೆಯೂ ಅಲ್ಲೇ ಇರುತ್ತದೆ. ಅವರಿಗೆ ಕಳಿಸುವುದು ಯಾವಾಗಲೂ ಹೊಸ ಮೇಲ್ ಆಗಿರಲಿ.

ತಡೆದ ಬಿಲ್ಲು ಕೇಳುವುದು ಹೇಗೆ?

'ಸ್ವಲ್ಪ ನೋಡಿ ಸರ್' ಎನ್ನುವುದು ಭಿಕ್ಷೆಯ ಹಾಗೆ ಕೇಳುತ್ತದೆ. 'ಎರಡು ತಿಂಗಳಾಯಿತು, ಇನ್ನೂ ಕೊಟ್ಟಿಲ್ಲ' ಎನ್ನುವುದು ಜಗಳದ ಹಾಗೆ. ಫಾರ್ಮಲ್ ಪತ್ರದಲ್ಲಿ ಎರಡೂ ಬೇಕಾಗಿಲ್ಲ. ಬಿಲ್ಲಿನ ಸಂಖ್ಯೆ, ದಿನಾಂಕ, ಒಪ್ಪಂದದ ಯಾವ ಅಂಶದ ಪ್ರಕಾರ, ಮೊತ್ತ ಎಷ್ಟು, ಬಾಕಿ ಇರುವ ದಾಖಲೆ ಏನಾದರೂ ಇದೆಯಾ. ಇಷ್ಟು ಬರೆದು 'ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ' ಎಂದು ಮುಗಿಸಿ. ಹಣ ಮಂಜೂರು ಮಾಡುವ ಅಧಿಕಾರ ಕಾರ್ಯದರ್ಶಿಗೆ ಒಬ್ಬರಿಗೇ ಇಲ್ಲದಿರಬಹುದು. ಅಜೆಂಡಾದಲ್ಲಿ ಸೇರಿಸುವುದು ಅವರ ಕೈಯಲ್ಲಿ ಇರುತ್ತದೆ. ಅವರ ಕೈಯಲ್ಲಿ ಇರುವುದನ್ನೇ ಕೇಳಿ.

ಸಭೆ ತಿಂಗಳಿಗೊಮ್ಮೆ ಇದ್ದರೆ ಪತ್ರ ಕನಿಷ್ಠ ಹತ್ತು ದಿನ ಮೊದಲು ಅಲ್ಲಿ ತಲುಪಲಿ. ಅಜೆಂಡಾದ ನೋಟಿಸು ಹೋದ ಮೇಲೆ ತಲುಪಿದರೆ ಮುಂದಿನ ತಿಂಗಳೇ. ಒಂದು ಪ್ರತಿ ಜಾಸ್ತಿ ಒಯ್ದು ಅದರ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಮೊದಲ ಸಲ ಸೀಲು ಕೇಳಿದ ದಿನ ಟಪಾಲಿನ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿ, 'ಈಗ ಕೆಲಸ ಕಲಿತ್ರಿ' ಎಂದು ಎರಡು ಸಲ ಒತ್ತಿ ಕೊಟ್ಟರು.